ಕಿಡ್ನಿ, ಹೊಟ್ಟೆ, ಹೃದಯ ಮೂರೂ ಸೂಕ್ಷ್ಮ ಇರುವ ಅಮ್ಮನಿಗೆ ತಲೆನೋವು ಬಂದರೆ ಯಾವ ಮಾತ್ರೆ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 72 ವರ್ಷ, ತೂಕ 48 ಕೆಜಿ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಇಕೋಸ್ಪ್ರಿನ್ 75, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಇರೋ ಮಾತ್ರೆ ತಗೋತಾರೆ. ಎರಡು ತಿಂಗಳ ಹಿಂದೆ ಎದೆ ಬಿಗಿತಕ್ಕೆ ಐಸೋಸಾರ್ಬೈಡ್ ಮೊನೊನೈಟ್ರೇಟ್ ಸೇರಿಸಿದರು. ಕ್ರಿಯಾಟಿನಿನ್ 1.4. ಹಿಂದೊಮ್ಮೆ ಅಲ್ಸರ್ ಆಗಿತ್ತು. ತಲೆನೋವು ಹಳೇದೇ, ಈಗ ಜಾಸ್ತಿ, ವಾರಕ್ಕೆ ಮೂರ್ನಾಲ್ಕು ದಿನ ಬರುತ್ತೆ. ಡೋಲೋ ಕೆಲಸ ಮಾಡಲ್ಲ ಅಂತ ವರ್ಷದಿಂದ ಮೆಡಿಕಲ್ ಶಾಪ್‌ನಿಂದ ಕಾಂಬಿಫ್ಲಾಮ್ ತರಿಸಿ ನುಂಗ್ತಿದಾರೆ. ಯಾವುದು ಸೇಫ್? (ಮಗಳು, ದಾವಣಗೆರೆ)

ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಮ್ಮನಿಗೆ ಮನೆಯಲ್ಲಿ ಕೊಡಬಹುದಾದ ತಲೆನೋವಿನ ಮಾತ್ರೆ ಪ್ಯಾರಸಿಟಮಾಲ್ ಒಂದೇ. ಒಂದು ಸಲಕ್ಕೆ 650 ಮಿ.ಗ್ರಾಂನ ಒಂದು ಮಾತ್ರೆ. ಇನ್ನೊಂದು ಬೇಕಾದರೆ ಎಂಟು ಗಂಟೆ ಬಿಟ್ಟು. ದಿನಕ್ಕೆ ಮೂರು ದಾಟಬಾರದು. ಕಾಂಬಿಫ್ಲಾಮ್ ಇವತ್ತೇ ನಿಲ್ಲಿಸಿ. ಇಕೋಸ್ಪ್ರಿನ್, ಬಿಪಿ ಮಾತ್ರೆ, ಎದೆಯ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಈಗ ಕಾರಣ. ಕಾಂಬಿಫ್ಲಾಮ್ ಸ್ಟ್ರಿಪ್ಪನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಐಬುಪ್ರೊಫೇನ್ 400 ಮಿ.ಗ್ರಾಂ, ಪ್ಯಾರಸಿಟಮಾಲ್ 325 ಮಿ.ಗ್ರಾಂ ಎಂದಿರುತ್ತದೆ. ತೊಂದರೆ ಇರುವುದು ಮೊದಲನೆಯದರಲ್ಲಿ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ನಿಮೆಸುಲೈಡ್, ಮೆಫೆನಾಮಿಕ್ ಆ್ಯಸಿಡ್, ಕೆಟೊರೊಲಾಕ್, ಎಟೊರಿಕಾಕ್ಸಿಬ್ ಎಲ್ಲವೂ ಒಂದೇ ಗುಂಪಿನವು. ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ಇವು ತಡೆಯುತ್ತವೆ. ಅದರಿಂದ ನೋವು ಇಳಿಯುತ್ತದೆ, ನಿಜ. ಆದರೆ ಅದೇ ಪ್ರೊಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಆ್ಯಸಿಡ್‌ನಿಂದ ಕಾಯುತ್ತದೆ, ಕಿಡ್ನಿಗೆ ಹೋಗುವ ರಕ್ತನಾಳವನ್ನು ಅಗಲವಾಗಿ ಇಡುತ್ತದೆ, ಮೈಯಲ್ಲಿ ಉಪ್ಪು ನೀರು ನಿಲ್ಲದಂತೆ ನೋಡಿಕೊಳ್ಳುತ್ತದೆ. ನೋವಿನ ಜಾಗದಲ್ಲಿ ಮಾತ್ರ ಅದನ್ನು ತಡೆದು ಬೇರೆ ಕಡೆ ಬಿಡಪ್ಪಾ ಎಂದು ಮಾತ್ರೆಗೆ ಹೇಳಲು ಆಗುವುದಿಲ್ಲ.

ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಕಿಡ್ನಿಯದು. 1.4 ಎಂದರೆ ರಿಪೋರ್ಟಿನಲ್ಲಿ ನಾರ್ಮಲ್‌ಗಿಂತ ಸ್ವಲ್ಪವೇ ಜಾಸ್ತಿ ಎಂದು ಕಾಣುತ್ತದೆ. ಎಷ್ಟೋ ಮನೆಯವರು ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. 72 ವರ್ಷದ ಹೆಂಗಸಿನ ಮೈಯಲ್ಲಿ ಮಾಂಸಖಂಡವೇ ಕಮ್ಮಿ. ಹಾಗಾಗಿ ಅದೇ ಸಂಖ್ಯೆ ಇವರಲ್ಲಿ ಹೆಚ್ಚು ತೊಂದರೆಯನ್ನು ಹೇಳುತ್ತದೆ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಇ-ಜಿಎಫ್‌ಆರ್ ಸುಮಾರು 40 ಬರುತ್ತದೆ. ಕಿಡ್ನಿ ಸೋಸುವ ಪ್ರಮಾಣ ಅದು, ಆರೋಗ್ಯವಂತ ಯುವಕರಲ್ಲಿ 90ಕ್ಕಿಂತ ಮೇಲಿರುತ್ತದೆ. ಅಂದರೆ ಅರ್ಧದಷ್ಟೂ ಇಲ್ಲ. ಮುಂದಿನ ಸಲ ಲ್ಯಾಬಿನಲ್ಲಿ ಕ್ರಿಯಾಟಿನಿನ್ ಜೊತೆ ಇ-ಜಿಎಫ್‌ಆರ್ ಕೂಡ ಬರೆದುಕೊಡಿ ಎಂದು ಕೇಳಿ.

ಇಂಥ ಕಿಡ್ನಿಯ ಮೇಲೆ ಈಗ ಮೂರು ಔಷಧಿಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ಬರುವ ಕಡೆ ಒಂದು ನಲ್ಲಿ, ಹೋಗುವ ಕಡೆ ಒಂದು ನಲ್ಲಿ ಇದೆ ಅಂದುಕೊಳ್ಳಿ. ಎರಡರ ನಡುವೆ ಒತ್ತಡ ಇದ್ದರೆ ಮಾತ್ರ ರಕ್ತ ಸೋಸುತ್ತದೆ. ಟೆಲ್ಮಿಸಾರ್ಟನ್ ಹೋಗುವ ನಲ್ಲಿಯನ್ನು ಸಡಿಲ ಮಾಡುತ್ತದೆ. ಅದು ಬೇಕಾದದ್ದೇ, ದೀರ್ಘಕಾಲದಲ್ಲಿ ಕಿಡ್ನಿಗೆ ಒಳ್ಳೆಯದು. ಹೈಡ್ರೋಕ್ಲೋರೋಥಯಜೈಡ್ ಮೂತ್ರ ಹೆಚ್ಚು ಮಾಡಿಸಿ ಒಟ್ಟು ನೀರನ್ನು ಸ್ವಲ್ಪ ಕಮ್ಮಿ ಮಾಡುತ್ತದೆ. ಇವೆರಡನ್ನೂ ಕಿಡ್ನಿ ತಡೆದುಕೊಳ್ಳುತ್ತದೆ, ಯಾಕೆಂದರೆ ಬರುವ ನಲ್ಲಿ ತೆರೆದಿದೆ. ಅದನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ಅಲ್ಲಿಗೆ ಐಬುಪ್ರೊಫೇನ್ ಬಂತು, ಬರುವ ನಲ್ಲಿಯೂ ಬಿಗಿಯಾಯಿತು. ಒತ್ತಡ ಬಿದ್ದುಹೋಗುತ್ತದೆ, ಸೋಸುವುದು ನಿಧಾನವಾಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಪೊಟ್ಯಾಸಿಯಂ ಕೂಡ ಏರಬಹುದು. ಪೊಟ್ಯಾಸಿಯಂ ಏರಿದ್ದು ಮೈಗೆ ಗೊತ್ತೇ ಆಗುವುದಿಲ್ಲ, ಅದರ ಪೆಟ್ಟು ಹೃದಯದ ಬಡಿತಕ್ಕೆ ಬೀಳುತ್ತದೆ.

ಮಾಮೂಲಿ ದಿನಗಳಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಮೈಯಲ್ಲಿ ನೀರು ಕಮ್ಮಿಯಾದ ದಿನ ಕೆಡುತ್ತದೆ. ಏಪ್ರಿಲ್ ಬಿಸಿಲು, ವಾಂತಿ ಭೇದಿ, ನೀರೂ ಕುಡಿಯದೆ ಮಾಡುವ ಏಕಾದಶಿ ಉಪವಾಸ, ಇವೆಲ್ಲ ಅಂಥ ದಿನಗಳು. ಉಪವಾಸದ ದಿನ ತಲೆನೋವೂ ಬರುತ್ತದೆ, ಅಲ್ವಾ? ಅವತ್ತೇ ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ನುಂಗುತ್ತಾರೆ. ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದು ಬರುವ ಹಿರಿಯರ ಕಥೆ ಕೇಳಿದರೆ ಹಲವು ಸಲ ಹೀಗೇ ಇರುತ್ತದೆ: ಎರಡು ದಿನ ಭೇದಿ, ಮೈಕೈ ನೋವಿಗೆ ಅಂಗಡಿಯ ಮಾತ್ರೆ, ಜೊತೆಗೆ ಬಿಪಿ ಮಾತ್ರೆ ಎಂದಿನಂತೆ. ಮೂತ್ರ ಎಂದಿಗಿಂತ ಕಮ್ಮಿಯಾಗುವುದು, ಪಾದ ಊದುವುದು, ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರುವುದು, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ವಾಂತಿ ಭೇದಿ ಇರುವ ದಿನ ಬಿಪಿ ಮಾತ್ರೆಯನ್ನು ತಾತ್ಕಾಲಿಕವಾಗಿ ಬಿಡಬೇಕೇ ಎಂದು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇದನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೃದಯದ ವಿಷಯಕ್ಕೆ ಬಂದರೆ, ಈ ಗುಂಪಿನ ಮಾತ್ರೆಗಳು ಉಪ್ಪು ನೀರನ್ನು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಂದಿಸುತ್ತವೆ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಅದೂ ಮೊದಲ ಕೆಲವು ವಾರಗಳಲ್ಲೇ ಶುರುವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ತನ್ನ ಎಚ್ಚರಿಕೆಯನ್ನು ಬಿಗಿ ಮಾಡಿತು. ಸ್ಟೆಂಟ್ ಇದ್ದವರಿಗೆ ಇನ್ನೊಂದು ತೊಡಕು ಇದೆ. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್. ಅದು ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು ಹೆಪ್ಪುಗಟ್ಟದಂತೆ ತಡೆಯಬೇಕು. ಐಬುಪ್ರೊಫೇನ್ ಮೊದಲೇ ಹೋಗಿ ಅದೇ ಜಾಗದಲ್ಲಿ ಕೂತುಬಿಟ್ಟರೆ ಆಸ್ಪಿರಿನ್‌ಗೆ ಜಾಗ ಸಿಗುವುದಿಲ್ಲ. ಸ್ಟೆಂಟ್ ಕಾಯಲು ಕೊಟ್ಟ ಮಾತ್ರೆ ಆ ದಿನ ಸುಮ್ನೆ ನುಂಗಿದಂತೆ ಆಗಬಹುದು. ಸಾದಾ ಆಸ್ಪಿರಿನ್ ಆದರೆ ಎರಡರ ನಡುವೆ ಇಷ್ಟು ಗಂಟೆ ಅಂತರ ಇಡಿ ಎಂಬ ಸಲಹೆ ಇದೆ. ಇಕೋಸ್ಪ್ರಿನ್ ಕರುಳಿನಲ್ಲಿ ಕರಗುವಂತೆ ಕೋಟಿಂಗ್ ಮಾಡಿದ ಮಾತ್ರೆ, ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದಕ್ಕೆ ಆ ಗಂಟೆಗಳ ಲೆಕ್ಕವನ್ನು ನಂಬಲಾಗದು.

ಹೊಟ್ಟೆಯ ಬಗ್ಗೆ ಜನರಲ್ಲಿ ಎರಡು ತಪ್ಪು ನಂಬಿಕೆ ಇವೆ. ಒಂದು, ಪ್ಯಾಂಟೊಪ್ರಜೋಲ್ ಜೊತೆ ನುಂಗಿದರೆ ಏನೂ ಆಗಲ್ಲ ಎನ್ನುವುದು. ಆ ಮಾತ್ರೆ ಹೊಟ್ಟೆಯನ್ನು ಸಾಕಷ್ಟು ಕಾಯುತ್ತದೆ, ಆದರೆ ಕಿಡ್ನಿ ಹೃದಯವನ್ನು ಒಂದಿಷ್ಟೂ ಕಾಯುವುದಿಲ್ಲ. ಎಟೊರಿಕಾಕ್ಸಿಬ್ ಕೂಡ ಹೀಗೇ, ಹೊಟ್ಟೆಗೆ ಸ್ವಲ್ಪ ಮೃದು, ಕಿಡ್ನಿ ಹೃದಯಕ್ಕೆ ಅಲ್ಲ. ಎರಡನೆಯದು, ಇಂಜೆಕ್ಷನ್ ತಗೊಂಡರೆ ಹೊಟ್ಟೆಗೆ ತಾಗಲ್ಲ ಎನ್ನುವುದು. ಅದು ನಿಜವಲ್ಲ. ಹುಣ್ಣಾಗುವುದು ಮಾತ್ರೆ ಹೊಟ್ಟೆಗೆ ತಾಗಿದ್ದರಿಂದ ಮಾತ್ರ ಅಲ್ಲ. ರಕ್ತದ ಮೂಲಕ ಹೋಗಿ ಒಳಪದರದ ರಕ್ಷಣೆ ತೆಗೆದದ್ದರಿಂದಲೂ ಆಗುತ್ತದೆ. ತಲೆನೋವಿಗೆ ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಸೂಜಿ ಹಾಕಲು ಬಂದರೆ ಸ್ಟೆಂಟ್, ಅಲ್ಸರ್, ಕ್ರಿಯಾಟಿನಿನ್ ಮೂರನ್ನೂ ಬಾಯಿಬಿಟ್ಟು ಹೇಳಿ. ಅಮ್ಮನಿಗೆ ಹಿಂದೆ ಅಲ್ಸರ್ ಆಗಿದೆ, ಇಕೋಸ್ಪ್ರಿನ್ ದಿನಾ ಇದೆ, ಮೇಲೆ ಕಾಂಬಿಫ್ಲಾಮ್. ವಯಸ್ಸಾದವರಲ್ಲಿ ಅಲ್ಸರ್ ನೋವೇ ಇಲ್ಲದೆ ರಕ್ತ ಸುರಿಸಬಹುದು, ನೋವಿನ ಮಾತ್ರೆಯೇ ನೋವನ್ನು ಮುಚ್ಚಿಡುತ್ತದೆ. ಗುರುತು ಏನೆಂದರೆ ಡಾಂಬರಿನಂತೆ ಕಪ್ಪಗೆ, ಅಂಟಂಟು, ಕೆಟ್ಟ ವಾಸನೆಯ ಮಲ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು ಮತ್ತು ವಾಸನೆ ಇರುವುದಿಲ್ಲ. ತಲೆಸುತ್ತು, ವಿಪರೀತ ಸುಸ್ತು ಸೇರಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇಕೋಸ್ಪ್ರಿನ್ ಜೊತೆ ಪ್ಯಾಂಟೊಪ್ರಜೋಲ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಹಳೆಯ ಅಲ್ಸರ್ ನೆನಪಿಸಿ ಹೃದಯದ ಡಾಕ್ಟರನ್ನು ಕೇಳಿ.

ಇನ್ನು ಡೋಲೋ, ಅಂದರೆ ಪ್ಯಾರಸಿಟಮಾಲ್, ಕೆಲಸ ಮಾಡಲ್ಲ ಅನ್ನುವ ಮಾತು. ಬಹುಪಾಲು ಕೇಳಿದಾಗ ತಿಳಿಯುವುದು, ಅರ್ಧ ಮಾತ್ರೆ ನುಂಗಿರುತ್ತಾರೆ, ಅಥವಾ ನೋವು ತಡೆಯಲಾಗದಷ್ಟು ಏರುವವರೆಗೆ ಕಾದಿರುತ್ತಾರೆ. ಡೋಸ್ ಲೆಕ್ಕ ಹೀಗೆ: ಒಂದು ಸಲಕ್ಕೆ ಕೆಜಿಗೆ 15 ಮಿ.ಗ್ರಾಂವರೆಗೆ ಕೊಡಬಹುದು. 48 ಕೆಜಿಗೆ 720 ಬರುತ್ತದೆ, ಅಂದರೆ 650ರ ಒಂದು ಮಾತ್ರೆ ಸರಿಯಾಗಿ ಕೂರುತ್ತದೆ. 325 ಸಾಲದು, 650ರ ಎರಡು ಮಾತ್ರೆ ಒಟ್ಟಿಗೆ ಅತಿಯಾಯಿತು. ಕಾಂಬಿಫ್ಲಾಮ್ ಒಳಗೆ ಇದ್ದದ್ದು 325 ಮಾತ್ರ, ನೆನಪಿದೆಯಲ್ಲ? ನೋವು ಶುರುವಾದ ಕೂಡಲೇ ಒಂದು ಲೋಟ ನೀರಿನೊಂದಿಗೆ ಕೊಡಿ. ಪ್ಯಾರಸಿಟಮಾಲ್ ಹೊಟ್ಟೆಗೆ ಉರಿ ತರುವ ಮಾತ್ರೆ ಅಲ್ಲ, ಊಟಕ್ಕೆ ಕಾಯಬೇಕಿಲ್ಲ. ಹೊಟ್ಟೆ ತುಂಬ ಉಂಡ ಮೇಲೆ ಕೊಟ್ಟರೆ ಕೆಲಸ ನಿಧಾನವಾಗುತ್ತದೆ. ಅರ್ಧದಿಂದ ಒಂದು ಗಂಟೆ ಕೊಡಿ ಅದಕ್ಕೆ. ಜೊತೆಗೆ ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿದರೆ ಸ್ವಲ್ಪ ಸಹಾಯವೇ, ಕೆಫೀನ್ ನೋವಿನ ಮಾತ್ರೆಯ ಕೆಲಸವನ್ನು ತುಸು ಏರಿಸುತ್ತದೆ. ಸಂಜೆ ಐದರ ನಂತರ ಬೇಡ, ನಿದ್ದೆ ಕೆಟ್ಟರೆ ಮರುದಿನ ಮತ್ತೆ ತಲೆನೋವು.

ಸಾಮಾನ್ಯ ವಯಸ್ಕರಿಗೆ ದಿನಕ್ಕೆ 4 ಗ್ರಾಂವರೆಗೆ ಎಂದು ಓದಿರುತ್ತೀರಿ. 50 ಕೆಜಿಗಿಂತ ಕಮ್ಮಿ ಇರುವ, ಕಿಡ್ನಿ ದುರ್ಬಲ ಇರುವ ಹಿರಿಯರಿಗೆ ನಾನು 2 ಗ್ರಾಂ ಆಸುಪಾಸಿನಲ್ಲೇ ನಿಲ್ಲಿಸುತ್ತೇನೆ. ಮೂರು ಮಾತ್ರೆ ಎಂದು ಹೇಳಿದ್ದು ಅದಕ್ಕೇ, 1950 ಮಿ.ಗ್ರಾಂ ಆಗುತ್ತದೆ. ಇಲ್ಲಿ ಎಡವುವುದು ಕಣ್ಣಿಗೆ ಕಾಣದ ಪ್ಯಾರಸಿಟಮಾಲ್‌ನಿಂದ. ನೆಗಡಿ ಮಾತ್ರೆಯಲ್ಲಿ ಇರುತ್ತದೆ, ಜ್ವರದ ಮಾತ್ರೆಯಲ್ಲಿ ಇರುತ್ತದೆ, ಮಂಡಿನೋವಿಗೆ ಕೊಡುವ ಜೋಡಿ ಮಾತ್ರೆಯಲ್ಲಿ ಇರುತ್ತದೆ. ಎಲ್ಲ ಕೂಡಿಸಿ ಲೆಕ್ಕ ಹಿಡಿಯಬೇಕು, ಅತಿಯಾದರೆ ಕೆಡುವುದು ಲಿವರ್. ನೀರಿಗೆ ಹಾಕಿದರೆ ನೊರೆ ಬರುವ ಪ್ಯಾರಸಿಟಮಾಲ್ ಅಮ್ಮನಿಗೆ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಮಾಮೂಲಿ ಮಾತ್ರೆಯನ್ನೂ ದಿನಾ ನುಂಗುವ ಅಭ್ಯಾಸ ಒಳ್ಳೆಯದಲ್ಲ. 2022ರಲ್ಲಿ ಎಡಿನ್‌ಬರೋದಲ್ಲಿ ಬಿಪಿ ಇರುವವರಿಗೆ ದಿನಕ್ಕೆ 4 ಗ್ರಾಂನಂತೆ ಎರಡು ವಾರ ಕೊಟ್ಟು ನೋಡಿದಾಗ ಮೇಲಿನ ಬಿಪಿ ಸುಮಾರು 5 ಅಂಕ ಏರಿತ್ತು. ಬೇಕಾದಾಗ ಒಂದು ನುಂಗುವುದಕ್ಕೆ ಇದರಿಂದ ಹೆದರಬೇಕಿಲ್ಲ.

ಅಂಗಡಿಯವರು ಸಾಮಾನ್ಯವಾಗಿ ಕೊಡುವ ಇನ್ನೂ ಕೆಲವನ್ನು ಹೆಸರಿಸಲೇಬೇಕು. ಮೈಗ್ರೇನ್ ಮಾತ್ರೆ ಎಂದು ಕೊಡುವ ವಾಸೋಗ್ರೇನ್‌ನಲ್ಲಿ ಎರ್ಗೋಟಮೈನ್ ಇದೆ. ಅದು ರಕ್ತನಾಳಗಳನ್ನು ಹಿಂಡುತ್ತದೆ, ಹೃದಯದ ನಾಳಗಳನ್ನೂ. ಸ್ಟೆಂಟ್ ಇರುವವರ ಮನೆಯಲ್ಲಿ ಆ ಸ್ಟ್ರಿಪ್ ಇರಲೇಬಾರದು. ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಕೂಡ ಇದೇ ಕಾರಣಕ್ಕೆ ಅವರಿಗಲ್ಲ. ಡಿಸ್ಪ್ರಿನ್ ನೀರಲ್ಲಿ ಕರಗುತ್ತದೆ, ಹಗುರ ಎಂದು ತಿಳಿಯಬೇಡಿ. ಅದರಲ್ಲಿರುವುದೂ ಆಸ್ಪಿರಿನ್, ಇಕೋಸ್ಪ್ರಿನ್ 75ಕ್ಕಿಂತ ಹಲವು ಪಟ್ಟು. ಟ್ರಮಡಾಲ್ ಕಿಡ್ನಿ ರೋಗಿಗೆ ಸೇಫ್ ಎಂದು ಕೆಲವರು ಕೊಡುತ್ತಾರೆ. ಈ ವಯಸ್ಸಿನಲ್ಲಿ ಅದು ತಲೆಸುತ್ತು, ಮಂಕು, ಮಲಬದ್ಧತೆ ತಂದು ಬಚ್ಚಲಲ್ಲಿ ಬೀಳಿಸುತ್ತದೆ. ತಲೆನೋವಿಗೆ ಅದು ಬೇಡವೇ ಬೇಡ. ಹಣೆಗೆ ಬಾಮ್ ಹಚ್ಚಿಕೊಳ್ಳಲಿ, ಅಡ್ಡಿಯಿಲ್ಲ, ಕಣ್ಣಿಗೆ ತಾಗದಿದ್ದರೆ ಸಾಕು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಎರಡು ತಿಂಗಳ ಹಿಂದೆ ಸೇರಿಸಿದ ಐಸೋಸಾರ್ಬೈಡ್ ಮೊನೊನೈಟ್ರೇಟ್. ಈ ಮಾತ್ರೆಗೆ ತಲೆನೋವು ತೀರಾ ಸಾಮಾನ್ಯವಾದ ಅಡ್ಡಪರಿಣಾಮ. ರಕ್ತನಾಳಗಳನ್ನು ಅಗಲ ಮಾಡುವುದೇ ಅದರ ಕೆಲಸ, ತಲೆಯ ನಾಳಗಳೂ ಅಗಲವಾಗುತ್ತವೆ. ಒಂದು ವಾರ ಹೀಗೆ ಬರೆದಿಡಿ: ಆ ಮಾತ್ರೆ ಎಷ್ಟು ಗಂಟೆಗೆ ನುಂಗಿದರು, ತಲೆನೋವು ಎಷ್ಟು ಗಂಟೆಗೆ ಬಂತು. ದಿನಾ ಮಾತ್ರೆಯ ನಂತರ ಒಂದೆರಡು ಗಂಟೆಯೊಳಗೆ ಎರಡೂ ಕಡೆ ದಪದಪ ಬಡಿಯುವ ನೋವು ಬರುತ್ತಿದ್ದರೆ ಉತ್ತರ ಅಲ್ಲೇ ಇದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಎರಡು ತಿಂಗಳಾದರೂ ಇಳಿಯದಿದ್ದರೆ ಡೋಸ್ ತಗ್ಗಿಸುವುದು ಅಥವಾ ಬೇರೆ ಮಾತ್ರೆಗೆ ಬದಲಿಸುವುದು ಹೃದಯದ ಡಾಕ್ಟರ ಕೈಯಲ್ಲಿದೆ. ನೀವಾಗಿ ದಿಢೀರನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು.

ಇನ್ನೊಂದು ಕಾರಣವೂ ಸೇರಿಕೊಂಡಿರಬಹುದು. ವಾರಕ್ಕೆ ಮೂರ್ನಾಲ್ಕು ದಿನ ಎಂದರೆ ತಿಂಗಳಿಗೆ ಹನ್ನೆರಡರಿಂದ ಹದಿನಾರು ದಿನ. ಇಂಥ ಜೋಡಿ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಸಾದಾ ಪ್ಯಾರಸಿಟಮಾಲ್ ಆದರೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ಮಾತ್ರೆ ಇಳಿದಾಗ ನೋವು, ನೋವಿಗೆ ಮತ್ತೆ ಮಾತ್ರೆ. ಕಾಂಬಿಫ್ಲಾಮ್ ನಿಲ್ಲಿಸಿದ ಮೊದಲ ವಾರ ಹತ್ತು ದಿನ ನೋವು ಏರುವ ಸಾಧ್ಯತೆ ಇದೆ. ಅದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಮೂರನೇ ದಿನವೇ ಪಕ್ಕದ ಮನೆಯ ಹುಡುಗನ ಕೈಲಿ ಮತ್ತೆ ತರಿಸುತ್ತಾರೆ. ಆ ಹತ್ತು ದಿನ ದಾಟಿದ ಮೇಲೆ ಪ್ಯಾರಸಿಟಮಾಲ್ ಕೂಡ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ. ಅಷ್ಟರಲ್ಲಿ ಸುಧಾರಿಸದಿದ್ದರೆ ತಲೆನೋವು ಬಾರದಂತೆ ತಡೆಯುವ ಔಷಧಿ ಬೇಕಾಗುತ್ತದೆ. ಹೃದಯ ಕಿಡ್ನಿ ನೋಡಿಕೊಂಡು ಅದನ್ನು ನರರೋಗ ತಜ್ಞರು ಆರಿಸಬೇಕು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಬರೀ ಹೊಟ್ಟೆಯ ತೊಂದರೆ ಇದ್ದು ಕಿಡ್ನಿ ಹೃದಯ ಚೆನ್ನಾಗಿದ್ದರೆ, ಡಾಕ್ಟರು ಕೆಲವೇ ದಿನಕ್ಕೆ ನ್ಯಾಪ್ರೋಕ್ಸೆನ್ ಜೊತೆ ಪ್ಯಾಂಟೊಪ್ರಜೋಲ್ ಕೊಡಬಹುದು. ಕಿಡ್ನಿ ಅಥವಾ ಹೃದಯದ ಕಾಯಿಲೆ ಇದ್ದರೆ ಆ ದಾರಿಯೂ ಇಲ್ಲ. ವಾರ್ಫರಿನ್ ನುಂಗುವವರು ಪ್ಯಾರಸಿಟಮಾಲ್‌ ಅನ್ನು ಸತತವಾಗಿ ಕೆಲವು ದಿನ ತೆಗೆದುಕೊಂಡರೆ ಐಎನ್‌ಆರ್ ಏರುತ್ತದೆ, ಪರೀಕ್ಷೆ ಬೇಗ ಮಾಡಿಸಿ. ಲಿವರ್ ಕಾಯಿಲೆ ಅಥವಾ ದಿನಾ ಕುಡಿಯುವ ಅಭ್ಯಾಸ ಇರುವವರಿಗೆ ಮೇಲಿನ ಪ್ಯಾರಸಿಟಮಾಲ್ ಲೆಕ್ಕ ಅನ್ವಯಿಸದು.

ಮಾತ್ರೆ ಹುಡುಕದೆ ನೇರ ಆಸ್ಪತ್ರೆಗೆ ಹೋಗಬೇಕಾದ ತಲೆನೋವುಗಳೂ ಇವೆ. ಜೀವನದಲ್ಲೇ ಕಾಣದಷ್ಟು ಜೋರಾಗಿ ಒಮ್ಮೆಗೇ ಬಂದದ್ದು. ಬಾಯಿ ಸೊಟ್ಟ, ಮಾತು ತೊದಲು, ಕೈಕಾಲು ಸೋತದ್ದು. ಕಣ್ಣು ಕೆಂಪಾಗಿ, ದೃಷ್ಟಿ ಮಂಜಾಗಿ, ವಾಂತಿಯೂ ಬಂದದ್ದು. ತಲೆಗೆ ಪೆಟ್ಟು ಬಿದ್ದು, ಅದು ಚಿಕ್ಕದೇ ಇರಲಿ, ಎರಡು ಮೂರು ವಾರ ಕಳೆದ ಮೇಲೆ ಏರುತ್ತಾ ಹೋದ ನೋವು. ಇಕೋಸ್ಪ್ರಿನ್ ನುಂಗುವವರಲ್ಲಿ ಮೆದುಳಿನ ಹೊರಗೆ ನಿಧಾನವಾಗಿ ರಕ್ತ ಕೂಡಿಕೊಳ್ಳುವುದು ಹೀಗೆಯೇ. ಇನ್ನೊಂದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ: ಕಣತಲೆಯಲ್ಲಿ ಹೊಸ ನೋವು, ಬಾಚುವಾಗ ತಲೆ ಚುರುಚುರು, ರೊಟ್ಟಿ ಅಗಿಯುವಾಗ ದವಡೆ ಸೋಲುವುದು. ಇದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. 50 ದಾಟಿದ ಮೇಲೇ ಬರುವ ಕಾಯಿಲೆ ಅದು, ಚಿಕಿತ್ಸೆ ತಡವಾದರೆ ಕಣ್ಣು ಹೋಗುತ್ತದೆ. ಅದಕ್ಕೆ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಅದೇ ದಿನ ಆಗಬೇಕು.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು, ಅಂಗಡಿಯಿಂದ ತಂದ ಬಿಡಿ ಮಾತ್ರೆಗಳನ್ನೂ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಇಡಿ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ, ಹಿಮೋಗ್ಲೋಬಿನ್ ಮಾಡಿಸಿ. ಹಿಮೋಗ್ಲೋಬಿನ್ ಯಾಕೆಂದರೆ ಹೊಟ್ಟೆಯಲ್ಲಿ ಸದ್ದಿಲ್ಲದೆ ರಕ್ತ ಸೋರುತ್ತಿದ್ದರೆ ಅಲ್ಲಿ ತಿಳಿಯುತ್ತದೆ. ಸೋಡಿಯಂ ಯಾಕೆಂದರೆ ಮೂತ್ರದ ಮಾತ್ರೆಯಿಂದ ಅದು ಇಳಿದರೂ ತಲೆನೋವು ಬರುತ್ತದೆ. ಕಾಂಬಿಫ್ಲಾಮ್ ನಿಲ್ಲಿಸಿ ಎರಡು ಮೂರು ವಾರದ ಮೇಲೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೊಮ್ಮೆ ಮಾಡಿಸಿ. 1.4ರಿಂದ ಕೆಳಗಿಳಿದರೆ ಅಷ್ಟು ಭಾಗ ಮಾತ್ರೆಯದು ಎಂದು ಗೊತ್ತಾಗುತ್ತದೆ. ಇಳಿಯದಿದ್ದರೆ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮತ್ತು ಕಿಡ್ನಿಯ ಸ್ಕ್ಯಾನಿಂಗ್ ಬರೆಸಿಕೊಂಡು ಕಿಡ್ನಿ ತಜ್ಞರಿಗೆ ತೋರಿಸಿ.